ಮಿಡಿ ಉಪ್ಪಿನಕಾಯಿ ಮತ್ತು ಸಾರಿನ ಪುಡಿಯನ್ನು ಆನ್‌ಲೈನ್‌ನಲ್ಲಿ ಮಾರಾಟಕ್ಕಿಡುವುದು: ಮಹಿಳಾ ಸ್ವಸಹಾಯ ಸಂಘಗಳಿಗೆ ಸಮಗ್ರ ಮಾರ್ಗದರ್ಶಿ

ಉಡುಪಿ ಜಿಲ್ಲೆಯ ಬ್ರಹ್ಮಾವರದ ಸಮೀಪದ ಹತ್ತು ಮಂದಿ ಸದಸ್ಯೆಯರ ಸ್ವಸಹಾಯ ಸಂಘವೊಂದರ ಲೆಕ್ಕಪತ್ರವನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಸಂತೆಯಲ್ಲಿ, ಜಾತ್ರೆಯಲ್ಲಿ, ಪರಿಚಯದವರ ಮದುವೆ ಮನೆಗಳಿಗೆ ಉಪ್ಪಿನಕಾಯಿ ಕೊಡುತ್ತಿದ್ದ ಈ ಸಂಘ ಆನ್‌ಲೈನ್ ಮಾರಾಟಕ್ಕೆ ಇಳಿದಾಗ ನಾವು ಮೊದಲು ಮಾಡಿದ ತಪ್ಪೆಂದರೆ, ಮೊಬೈಲ್ ಕೈಗೆತ್ತಿಕೊಂಡು ನೇರವಾಗಿ ಮಾರಾಟ ತಾಣದಲ್ಲಿ ಖಾತೆ ತೆರೆದದ್ದು. ಖಾತೆ ತೆರೆಯುವುದಕ್ಕೆ ಅರ್ಧ ಗಂಟೆ ಸಾಕು. ಆದರೆ ಅಲ್ಲಿ ಕೇಳುವ ಪ್ರತಿಯೊಂದು ಪ್ರಶ್ನೆಗೂ ಉತ್ತರ ಅಡುಗೆಮನೆಯಲ್ಲಿ, ತಕ್ಕಡಿಯ ಮೇಲೆ, ಲೇಬಲ್ಲಿನ ಮೇಲೆ ಮೊದಲೇ ಸಿದ್ಧವಾಗಿರಬೇಕು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪರದೆಯ ಕೆಲಸ ಕೊನೆಯ ಭಾಗದಲ್ಲಿ ಬರುತ್ತದೆ. ಉದಾಹರಣೆಗೆ ಎರಡೇ ವಸ್ತುಗಳನ್ನು ತೆಗೆದುಕೊಂಡಿದ್ದೇನೆ: ಎಣ್ಣೆ ಹಾಕದ, ಉಪ್ಪು ನೀರಿನಲ್ಲಿ ಹಾಕಿದ ಮಾವಿನ ಮಿಡಿ ಉಪ್ಪಿನಕಾಯಿ ಮತ್ತು ಸಾರಿನ ಪುಡಿ. ಹೊಸ ಸಂಘವೂ ಹೀಗೆ ಎರಡರಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹನ್ನೆರಡು ಬಗೆಯ ಉಪ್ಪಿನಕಾಯಿಗೆ ಹನ್ನೆರಡು ಬಗೆಯ ಲೇಬಲ್, ಹನ್ನೆರಡು ದಾಸ್ತಾನು ಲೆಕ್ಕ ಬೇಕಾಗುತ್ತದೆ.

ಮೊದಲ ಹೆಜ್ಜೆ: ಎಲ್ಲಿಗೆ ಮಾರುತ್ತೇವೆ ಎಂಬುದನ್ನು ನಿರ್ಧರಿಸುವುದು

ಸಂಘದ ಸಭೆಯಲ್ಲಿ ಮೊದಲು ತೀರ್ಮಾನವಾಗಬೇಕಾದ ಸಂಗತಿ ಇದು, ಏಕೆಂದರೆ ಜಿಎಸ್‌ಟಿ ನೋಂದಣಿ ಬೇಕೋ ಬೇಡವೋ ಎಂಬುದು ಇದನ್ನೇ ಅವಲಂಬಿಸಿದೆ. ಹಿಂದೆ ಆನ್‌ಲೈನ್ ತಾಣದ ಮೂಲಕ ಸರಕು ಮಾರುವ ಎಲ್ಲರಿಗೂ, ವಹಿವಾಟು ಎಷ್ಟೇ ಕಡಿಮೆ ಇದ್ದರೂ, ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಈ ನಿಯಮ ಸಡಿಲವಾಗಿದೆ. ವಹಿವಾಟು ನೋಂದಣಿಯ ಮಿತಿಯೊಳಗಿದ್ದು, ತಮ್ಮ ರಾಜ್ಯದೊಳಗೆ ಮಾತ್ರ ಮಾರುವವರು ಪ್ಯಾನ್ ಆಧಾರದ ಮೇಲೆ `gst.gov.in` ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ಸಂಖ್ಯೆಯನ್ನು ಪಡೆದುಕೊಂಡರೆ ಸಾಕು. ಅದಕ್ಕೆ ಶುಲ್ಕವಿಲ್ಲ, ಪ್ರತಿ ತಿಂಗಳ ರಿಟರ್ನ್ ಸಲ್ಲಿಸುವ ಹೊರೆಯೂ ಇಲ್ಲ.

ಆದರೆ ಷರತ್ತು ಕಟ್ಟುನಿಟ್ಟಾಗಿದೆ: ರಾಜ್ಯದ ಹೊರಗೆ ಒಂದು ಬಾಟಲಿಯನ್ನೂ ಮಾರುವಂತಿಲ್ಲ. ಕರಾವಳಿಯ ಸಂಘಗಳು ಎಡವುವುದು ಇಲ್ಲಿಯೇ. ನಮ್ಮ ಊರಿನ ಅರ್ಧ ಮನೆಗಳ ನಂಟರು ಮುಂಬಯಿಯಲ್ಲಿದ್ದಾರೆ, ಮೊದಲ ಆರ್ಡರು ಬರುವುದೂ ಅಲ್ಲಿಂದಲೇ. ಮಂಗಳೂರಿನಿಂದ ಕಾಸರಗೋಡಿಗೆ ಒಂದೆರಡು ಗಂಟೆಯ ಪ್ರಯಾಣ, ಅಲ್ಲಿಯೂ ನಮ್ಮದೇ ಭಾಷೆ, ನಮ್ಮದೇ ಊಟ. ಆದರೂ ತೆರಿಗೆಯ ಲೆಕ್ಕದಲ್ಲಿ ಅದು ಕೇರಳ, ಅಂದರೆ ಅಂತರರಾಜ್ಯ ಮಾರಾಟ. ಮಾರಾಟ ತಾಣವನ್ನು ಬಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತೆಗೆದುಕೊಂಡು ಕಳುಹಿಸಿದರೂ ನಿಯಮ ಬದಲಾಗುವುದಿಲ್ಲ. ಆದ್ದರಿಂದ ಮೊದಲ ವರ್ಷ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಗಿರಾಕಿಗಳನ್ನು ಮಾತ್ರ ಗುರಿಯಾಗಿಟ್ಟುಕೊಂಡು, ಮುಂಬಯಿಯಿಂದ ಬರುವ ವಿಚಾರಣೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಆ ಪಟ್ಟಿ ಉದ್ದವಾದಾಗ ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಬಹುದು. ನೋಂದಣಿ ಇಲ್ಲದಿರುವಾಗ ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಪ್ರತ್ಯೇಕವಾಗಿ ಹಣ ಪಡೆಯಬಾರದು ಎಂಬುದೂ ನೆನಪಿರಲಿ.

ಎಲ್ಲ ತಾಣಗಳೂ ಎನ್‌ರೋಲ್‌ಮೆಂಟ್ ಸಂಖ್ಯೆಯನ್ನು ಒಪ್ಪುವುದಿಲ್ಲ. ಮಾರಾಟಗಾರರ ನೋಂದಣಿ ಪುಟದಲ್ಲಿ `GSTIN` ಜೊತೆಗೆ `Enrolment ID` ಎಂಬ ಆಯ್ಕೆಯೂ ಇದೆಯೇ ಎಂದು ನೋಡಿ ಮುಂದುವರಿಯಿರಿ. ಸಂಘವು ಸಂಜೀವಿನಿ ಯೋಜನೆಯ ಒಕ್ಕೂಟಕ್ಕೆ ಸೇರಿದ್ದರೆ, ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಸ್ವಸಹಾಯ ಸಂಘಗಳಿಗಾಗಿಯೇ ನಡೆಸುವ `eSaras` ತಾಣದ ಬಗ್ಗೆ ಒಕ್ಕೂಟದಲ್ಲಿ ವಿಚಾರಿಸಿ.

ಪ್ಯಾನ್ ಮತ್ತು ಬ್ಯಾಂಕ್ ಖಾತೆ ಎರಡೂ ಸಂಘದ ಹೆಸರಿನಲ್ಲಿದ್ದು, ಹೆಸರಿನ ಅಕ್ಷರಗಳು ಎರಡರಲ್ಲೂ ಒಂದೇ ರೀತಿ ಇರಬೇಕು. ಒಂದರಲ್ಲಿ ಸಂಘ ಎಂದೂ ಇನ್ನೊಂದರಲ್ಲಿ ಗುಂಪು ಎಂದೂ ಇದ್ದರೆ ಹಣ ಪಾವತಿಯ ಹಂತದಲ್ಲಿ ತಡೆಯಾಗುತ್ತದೆ. ಒಬ್ಬ ಸದಸ್ಯೆಯ ವೈಯಕ್ತಿಕ ಖಾತೆಗೆ ಹಣ ಬರುವಂತೆ ಮಾಡಿಕೊಳ್ಳುವುದು ಸುಲಭವೆನಿಸಿದರೂ, ವರ್ಷದ ಕೊನೆಯಲ್ಲಿ ಆ ಆದಾಯ ಯಾರದೆಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯಿಂದ ಸಂಘವೇ ಒಡೆದುಹೋಗುವ ಸಂಭವವಿದೆ.

ಎರಡನೆಯ ಹೆಜ್ಜೆ: ಒಂದೇ ಅಡುಗೆಮನೆ, ಒಂದು ನೋಂದಣಿ

ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯನ್ನು `foscos.fssai.gov.in` ಪೋರ್ಟಲ್‌ನಲ್ಲಿ ಮಾಡಿಸಬೇಕು. ಸಣ್ಣ ವಹಿವಾಟಿನವರಿಗಿರುವ ಮೂಲ ನೋಂದಣಿಗೆ `Form A` ಅರ್ಜಿ, ಫೋಟೊ, ಗುರುತಿನ ಚೀಟಿ ಮತ್ತು ಸ್ಥಳದ ದಾಖಲೆ ಸಾಕು. ಶುಲ್ಕ ವರ್ಷಕ್ಕೆ 100 ರೂಪಾಯಿ. ಅರ್ಜಿ ತುಂಬುವಾಗ ವ್ಯವಹಾರದ ಬಗೆಯಲ್ಲಿ ತಯಾರಕರು ಎಂಬುದನ್ನೇ ಆರಿಸಬೇಕು. ಚಿಲ್ಲರೆ ಮಾರಾಟಗಾರರು ಎಂದು ಆರಿಸಿ ನೋಂದಣಿ ಪಡೆದ ಸಂಘಗಳು ತಮ್ಮದೇ ಲೇಬಲ್ಲಿನ ಉಪ್ಪಿನಕಾಯಿಯನ್ನು ಪಟ್ಟಿ ಮಾಡಲು ಹೋದಾಗ ತಿರಸ್ಕೃತವಾಗುತ್ತವೆ. ಉಪ್ಪಿನಕಾಯಿ ಹಣ್ಣು ತರಕಾರಿ ಉತ್ಪನ್ನಗಳ ವರ್ಗಕ್ಕೂ ಸಾರಿನ ಪುಡಿ ಸಂಬಾರ ಪದಾರ್ಥಗಳ ವರ್ಗಕ್ಕೂ ಸೇರುತ್ತವೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಬೇಕು.

ನೋಂದಣಿ ಸಿಗುವುದು ತಯಾರಿಸುವ ಸ್ಥಳಕ್ಕೆ. ಮೂವರು ಸದಸ್ಯೆಯರು ತಮ್ಮ ತಮ್ಮ ಮನೆಯಲ್ಲಿ ಮಾಡಿ ತಂದು ಒಂದೇ ಲೇಬಲ್ ಹಚ್ಚುವುದಾದರೆ ಮೂರು ಸ್ಥಳಗಳಿಗೂ ಪ್ರತ್ಯೇಕ ನೋಂದಣಿ ಬೇಕು. ಅದಕ್ಕಿಂತಲೂ ದೊಡ್ಡ ತೊಂದರೆಯೆಂದರೆ ಮೂರು ಮನೆಯ ಉಪ್ಪಿನಕಾಯಿ ಮೂರು ರುಚಿಯಾಗಿರುತ್ತದೆ. ನಮ್ಮ ಸಂಘದಲ್ಲಿ ಒಬ್ಬ ಸದಸ್ಯೆಯ ಮನೆಯ ಹಿಂಬದಿಯ ಕೋಣೆಗೆ ಟೈಲ್ಸ್ ಹಾಕಿಸಿ, ಕಿಟಕಿಗೆ ಬಲೆ ಹೊಡೆಸಿ, ತಿಂಗಳಿಗಿಷ್ಟು ಎಂದು ಬಾಡಿಗೆ ನಿಗದಿಪಡಿಸಿ ಅದನ್ನೇ ತಯಾರಿಕಾ ಸ್ಥಳವಾಗಿ ತೋರಿಸಿದ್ದೇವೆ. ನೋಂದಣಿಯಾದ ಮೇಲೆ ಬರುವ 14 ಅಂಕಿಗಳ ಸಂಖ್ಯೆ ಲೇಬಲ್ಲಿಗೂ ಮಾರಾಟ ತಾಣಕ್ಕೂ ಬೇಕು.

ಮೂರನೆಯ ಹೆಜ್ಜೆ: ಭರಣಿಯೊಳಗಿನ ಲೆಕ್ಕ

ಮನೆಯ ಬಳಕೆಗೆ ಅಂದಾಜಿನಲ್ಲಿ ಹಾಕುವ ಉಪ್ಪು ಮಾರಾಟಕ್ಕೆ ಸಾಲದು, ಅಳತೆಯಾಗಲೇಬೇಕು. ಉಪ್ಪನ್ನೇ ಮುಖ್ಯ ಸಂರಕ್ಷಕವಾಗಿ ಬಳಸುವ ಉಪ್ಪು ನೀರಿನ ಉಪ್ಪಿನಕಾಯಿಯಲ್ಲಿ ಉಪ್ಪಿನ ಅಂಶ ಶೇ 12ಕ್ಕಿಂತ ಕಡಿಮೆ ಇರಬಾರದು, ಮತ್ತು ರಸ ಬಸಿದ ಮೇಲೆ ಉಳಿಯುವ ಕಾಯಿಯ ತೂಕ ಒಟ್ಟು ತೂಕದ ಶೇ 60ಕ್ಕಿಂತ ಕಡಿಮೆ ಇರಬಾರದು ಎಂಬುದು ಆಹಾರ ಸುರಕ್ಷತಾ ನಿಯಮ.

ನಮ್ಮ ಒಂದು ಬ್ಯಾಚಿನ ಲೆಕ್ಕ ಹೀಗಿದೆ. ತೊಟ್ಟು ಸಹಿತ ಕೊಯ್ದ 10 ಕಿಲೊ ಮಿಡಿಗೆ 2.5 ಕಿಲೊ ಕಲ್ಲುಪ್ಪನ್ನು ಪದರ ಪದರವಾಗಿ ಹಾಕುತ್ತೇವೆ. ಮಿಡಿ ನೀರು ಬಿಟ್ಟು ಮುರುಟಿದಾಗ ಅದರ ತೂಕ ಸುಮಾರು 7 ಕಿಲೊಗೆ ಇಳಿಯುತ್ತದೆ. ಒಟ್ಟು 12.5 ಕಿಲೊದಲ್ಲಿ ಉಪ್ಪು 2.5 ಕಿಲೊ ಇರುವುದರಿಂದ ಮಿಡಿಯಲ್ಲೂ ಉಪ್ಪು ನೀರಿನಲ್ಲೂ ಉಪ್ಪಿನ ಪ್ರಮಾಣ ಸುಮಾರು ಶೇ 20ಕ್ಕೆ ಬಂದು ನಿಲ್ಲುತ್ತದೆ. ಆಮೇಲೆ 1 ಕಿಲೊ ಬ್ಯಾಡಗಿ ಮೆಣಸು, ಅರ್ಧ ಕಿಲೊ ಸಾಸಿವೆ ಮತ್ತು ಸ್ವಲ್ಪ ಅರಶಿನವನ್ನು, ಕುದಿಸಿ ಆರಿಸಿದ ಅದೇ ಉಪ್ಪು ನೀರು ಒಂದೂವರೆ ಕಿಲೊದಷ್ಟು ಸೇರಿಸಿ ರುಬ್ಬಿ ಬೆರೆಸಿದಾಗ ಒಟ್ಟು 10 ಕಿಲೊ ಉಪ್ಪಿನಕಾಯಿ ಆಗುತ್ತದೆ. ಆಗ ಉಪ್ಪು ಸುಮಾರು ಶೇ 17, ಮಿಡಿ ಶೇ 70. ಎರಡೂ ನಿಯಮದ ಮಿತಿಗಿಂತ ಮೇಲಿವೆ.

ಈ ಲೆಕ್ಕ ಕೈಯಲ್ಲಿಲ್ಲದಿದ್ದರೆ ಏನಾಗುತ್ತದೆ ನೋಡಿ. ಬೆಂಗಳೂರಿನ ಒಬ್ಬ ಗಿರಾಕಿ ಉಪ್ಪು ಹೆಚ್ಚಾಯಿತೆಂದು ವಿಮರ್ಶೆ ಬರೆದರು ಎಂಬ ಕಾರಣಕ್ಕೆ ಮುಂದಿನ ಬ್ಯಾಚಿನಲ್ಲಿ ಉಪ್ಪನ್ನು ಅರ್ಧಕ್ಕೆ ಇಳಿಸೋಣ ಎಂಬ ಸಲಹೆ ಸಭೆಯಲ್ಲಿ ಬಂತು. 10 ಕಿಲೊ ಮಿಡಿಗೆ 1.25 ಕಿಲೊ ಉಪ್ಪು ಹಾಕಿದರೆ ಆರಂಭದಲ್ಲೇ ಶೇ 11 ಆಗುತ್ತದೆ, ಮಸಾಲೆ ಬೆರೆತ ಮೇಲೆ ಶೇ 9ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟು ಉಪ್ಪಿನಲ್ಲಿ ಯೀಸ್ಟು ಸುಲಭವಾಗಿ ಬೆಳೆದು ಅನಿಲ ಉತ್ಪತ್ತಿಯಾಗುತ್ತದೆ. ಮುಚ್ಚಳ ಉಬ್ಬುವುದು, ತೆರೆದಾಗ ಬುಸ್ಸೆಂದು ಸದ್ದಾಗುವುದು, ರಸದಲ್ಲಿ ಗುಳ್ಳೆ ಏಳುವುದು, ಮೇಲೆ ತೆಳ್ಳನೆಯ ಬಿಳಿ ಪೊರೆ ಕಟ್ಟುವುದು ಇದರ ಲಕ್ಷಣಗಳು. ಒದ್ದೆ ಸೌಟು ಹಾಕಿದರೂ ಇದೇ ಲಕ್ಷಣ ಕಾಣುತ್ತದೆ. ಆದರೆ ಸೌಟಿನ ತಪ್ಪಾದರೆ ಒಂದು ಭರಣಿಯಲ್ಲಿ ಮಾತ್ರ, ಉಪ್ಪಿನ ತಪ್ಪಾದರೆ ಇಡೀ ಬ್ಯಾಚಿನಲ್ಲಿ ಕಾಣುತ್ತದೆ. ಉಪ್ಪು ಹೆಚ್ಚೆನಿಸುವ ಗಿರಾಕಿಗೆ ಉತ್ತರವನ್ನು ಪುಟದ ವಿವರಣೆಯಲ್ಲೇ ಕೊಡಬೇಕು: ಇದು ಗಂಜಿ ಊಟಕ್ಕೆ, ಮೊಸರನ್ನಕ್ಕೆ ಸ್ವಲ್ಪವೇ ನೆಂಚಿಕೊಳ್ಳುವ ಸಾಂಪ್ರದಾಯಿಕ ಉಪ್ಪು ಮಿಡಿ.

ಇನ್ನೊಂದು ದೂರು ನಮಗೆ ನಿಜವಾಗಿಯೂ ಪಾಠ ಕಲಿಸಿತು. “ಮೇಡಂ, ಬಾಟಲಿ ತುಂಬ ರಸವೇ ಇದೆ, ಮಿಡಿ ಎಲ್ಲಿ ಹೋಯಿತು?” ಎಂದು ಒಬ್ಬರು ಫೋನ್ ಮಾಡಿದರು. ಅವರು ಹೇಳಿದ್ದು ಸರಿಯಾಗಿತ್ತು. ಸೌಟಿನಿಂದ ತುಂಬಿಸುವಾಗ ಮೊದಲ ಬಾಟಲಿಗಳಿಗೆ ಮಿಡಿ ಹೆಚ್ಚು ಬಿದ್ದು ಕೊನೆಯವಕ್ಕೆ ರಸವೇ ಉಳಿದಿತ್ತು. ಅಂದಿನಿಂದ ತಕ್ಕಡಿಯ ಮೇಲೆ ಖಾಲಿ ಬಾಟಲಿಯ ತೂಕ ಕಳೆದು, ಮೊದಲು 175 ಗ್ರಾಂ ಮಿಡಿ, ಆಮೇಲೆ 75 ಗ್ರಾಂ ಮಸಾಲೆ ರಸ ಎಂದು ಎರಡು ಸಲ ತೂಗಿ ತುಂಬುತ್ತೇವೆ. ಪ್ರತಿ ಬಾಟಲಿಗೆ ಅರ್ಧ ನಿಮಿಷ ಹೆಚ್ಚು ಹಿಡಿಯುತ್ತದೆ, ಆದರೆ ಆ ದೂರು ಮತ್ತೆ ಬಂದಿಲ್ಲ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಬೇಕು, ಅದನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು.

ಸಾರಿನ ಪುಡಿಯ ಶತ್ರು ಪಸೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿಯಲ್ಲಿ ಹುರಿದ ಕೊತ್ತಂಬರಿಯನ್ನು ತಟ್ಟೆಯಲ್ಲಿ ತೆರೆದಿಟ್ಟರೆ ಸಂಜೆಯೊಳಗೆ ಮೆತ್ತಗಾಗುತ್ತದೆ. ಬಿಸಿ ಇರುವಾಗಲೇ ಪುಡಿಮಾಡಿ ಕವರಿಗೆ ತುಂಬಿದರೆ ಒಳಗೆ ಬೆವರು ಕಟ್ಟಿ ಪುಡಿ ಗಂಟಾಗುತ್ತದೆ. ಹುರಿದದ್ದನ್ನು ಮುಚ್ಚಿದ ಪಾತ್ರೆಯಲ್ಲಿ ಪೂರ್ತಿ ಆರಿಸಿ, ಪುಡಿ ಮಾಡಿದ ಮೇಲೆ ಮತ್ತೊಮ್ಮೆ ಆರಿಸಿ, ಅದೇ ದಿನ ಅಲ್ಯೂಮಿನಿಯಂ ಪದರವಿರುವ ಕವರಿಗೆ ತುಂಬಿ ಸೀಲ್ ಮಾಡಬೇಕು. ತೆಂಗಿನೆಣ್ಣೆಯಲ್ಲಿ ಹುರಿಯುವ ಉಡುಪಿಯ ಕ್ರಮದ ಪುಡಿಯ ಪರಿಮಳ ಬೇರೆಯೇ ಆದರೂ, ಆ ಎಣ್ಣೆಯ ಅಂಶವೇ ಕೆಲವು ತಿಂಗಳಲ್ಲಿ ಕಮಟು ವಾಸನೆಗೆ ಕಾರಣವಾಗುತ್ತದೆ. ಆದ್ದರಿಂದ ನಾವು ಪುಡಿಗೆ ನಾಲ್ಕೇ ತಿಂಗಳ ಅವಧಿ ಇಟ್ಟಿದ್ದೇವೆ. ಈ ಅವಧಿಯನ್ನು ಊಹೆಯಿಂದ ಬರೆಯಬಾರದು. ಪ್ರತಿ ಬ್ಯಾಚಿನ ಎರಡು ಪೊಟ್ಟಣಗಳನ್ನು ಕಪಾಟಿನಲ್ಲಿ ಇಟ್ಟು, ಪ್ರತಿ ತಿಂಗಳು ಬಣ್ಣ, ವಾಸನೆ, ಗಂಟು ನೋಡಿ ಬರೆದಿಡಬೇಕು. ಜೊತೆಗೆ ಒಮ್ಮೆಯಾದರೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು.

ನಾಲ್ಕನೆಯ ಹೆಜ್ಜೆ: ಲೇಬಲ್

ಲೇಬಲ್ಲಿನ ಮೇಲೆ ಇರಬೇಕಾದವು: ವಸ್ತುವಿನ ಹೆಸರು, ತೂಕದ ಇಳಿಕೆಯ ಕ್ರಮದಲ್ಲಿ ಪದಾರ್ಥಗಳು, ಪೌಷ್ಟಿಕಾಂಶದ ವಿವರ, ಹಸಿರು ಚೌಕದೊಳಗೆ ಹಸಿರು ವೃತ್ತವಿರುವ ಸಸ್ಯಾಹಾರ ಚಿಹ್ನೆ, ಆಹಾರ ಸುರಕ್ಷತಾ ಪ್ರಾಧಿಕಾರದ ಲಾಂಛನ ಮತ್ತು ನೋಂದಣಿ ಸಂಖ್ಯೆ, ನಿವ್ವಳ ತೂಕ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಬಳಕೆಯ ಕೊನೆಯ ದಿನ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಪ್ರತಿ ಗ್ರಾಮಿನ ಬೆಲೆ, ತಯಾರಕರ ಪೂರ್ಣ ವಿಳಾಸ, ಮತ್ತು ದೂರು ಹೇಳಲು ಫೋನ್ ಹಾಗೂ ಇಮೇಲ್. ಪೊಟ್ಟಣ ಕಟ್ಟುವವರು ಕಾನೂನು ಮಾಪನ ಇಲಾಖೆಯಲ್ಲಿಯೂ ನೋಂದಾಯಿಸಿಕೊಳ್ಳಬೇಕು. ಇದನ್ನು ಬಹಳ ಸಂಘಗಳು ಮರೆಯುತ್ತವೆ. ಫೋನ್ ಸಂಖ್ಯೆಯಾಗಿ ಸದಸ್ಯೆಯ ಸ್ವಂತ ನಂಬರನ್ನು ಹಾಕದೆ ಸಂಘಕ್ಕೆಂದೇ ಒಂದು ಸಿಮ್ ತೆಗೆದುಕೊಳ್ಳುವುದು ಲೇಸು. ಲೇಬಲ್ ಅಚ್ಚಾದ ಮೇಲೆ ಆ ಸಂಖ್ಯೆ ಊರಿಗೆಲ್ಲ ತಿಳಿಯುತ್ತದೆ.

ಇವುಗಳಲ್ಲಿ ಎರಡರ ಬಗ್ಗೆ ಹೆಚ್ಚು ಹೇಳಬೇಕು. ಮೊದಲನೆಯದು ಇಂಗು. ಅಂಗಡಿಯಲ್ಲಿ ಸಿಗುವ ಇಂಗು ಸಾಮಾನ್ಯವಾಗಿ ಶುದ್ಧ ಇಂಗಲ್ಲ, ಗೋಂದು ಮತ್ತು ಹಿಟ್ಟು ಸೇರಿಸಿದ ಮಿಶ್ರಣ, ಮತ್ತು ಆ ಹಿಟ್ಟು ಬಹಳ ಬ್ರಾಂಡುಗಳಲ್ಲಿ ಗೋಧಿಯದು. ಗೋಧಿಯ ಗ್ಲುಟೆನ್ ಅಲರ್ಜಿ ಉಂಟುಮಾಡುವ ಪದಾರ್ಥಗಳ ಪಟ್ಟಿಯಲ್ಲಿರುವುದರಿಂದ ಸಾರಿನ ಪುಡಿಯ ಲೇಬಲ್ಲಿನಲ್ಲಿ ಗೋಧಿ ಇದೆ ಎಂದು ಸ್ಪಷ್ಟವಾಗಿ ಬರೆಯಬೇಕು. ನಮ್ಮ ಸದಸ್ಯೆಯರು ಪದಾರ್ಥಗಳ ಪಟ್ಟಿ ಮಾಡುವಾಗ ಕೊತ್ತಂಬರಿ, ಮೆಣಸು, ಜೀರಿಗೆ, ಮೆಂತೆ, ಕರಿಬೇವು, ಇಂಗು ಎಂದು ಬಾಯಿಪಾಠ ಹೇಳಿದರು. ಇಂಗಿನ ಡಬ್ಬಿಯನ್ನು ತಿರುಗಿಸಿ ಅದರ ಹಿಂದಿನ ಸಣ್ಣ ಅಕ್ಷರ ಓದಿದಾಗಲೇ ಗೋಧಿ ಹಿಟ್ಟು ಕಣ್ಣಿಗೆ ಬಿದ್ದದ್ದು. ಗೋಧಿ ಹಿಟ್ಟಿನ ಬದಲು ಅಕ್ಕಿ ಹಿಟ್ಟು ಸೇರಿಸಿದ ಇಂಗು ಸಿಕ್ಕಿದರೆ ಅದನ್ನೇ ಬಳಸಬಹುದು. ಆದರೆ ಬ್ರಾಂಡು ಬದಲಾದಾಗಲೆಲ್ಲ ಡಬ್ಬಿಯನ್ನು ಮತ್ತೆ ಓದಬೇಕು.

ಎರಡನೆಯದು ಗರಿಷ್ಠ ಮಾರಾಟ ಬೆಲೆ. ಸಂತೆಯ ಬೆಲೆ 190 ರೂಪಾಯಿ ಎಂದು ಲೇಬಲ್ಲಿನಲ್ಲಿ ಅಚ್ಚು ಹಾಕಿಸಿ, ಸಾಗಣೆ ವೆಚ್ಚವನ್ನು ಒಳಗೆ ಸೇರಿಸಿ ಪುಟದಲ್ಲಿ 240 ಎಂದು ಹಾಕಿದರೆ ಅದು ಅಪರಾಧವಾಗುತ್ತದೆ. ಅಚ್ಚಾದ ಬೆಲೆಗಿಂತ ಹೆಚ್ಚು ಪಡೆಯುವಂತಿಲ್ಲ, ಕಡಿಮೆ ಪಡೆಯಬಹುದು. ಆದ್ದರಿಂದ 250 ಗ್ರಾಂ ಬಾಟಲಿಗೆ 240 ರೂಪಾಯಿ, ಅಂದರೆ ಗ್ರಾಮಿಗೆ 0.96 ರೂಪಾಯಿ ಎಂದು ಅಚ್ಚು ಹಾಕಿಸಿ, ಸಂತೆಯಲ್ಲಿ 190ಕ್ಕೆ ಕೊಡುವುದು ಸರಿಯಾದ ಕ್ರಮ.

ಐದನೆಯ ಹೆಜ್ಜೆ: ಬೆಲೆ ಕಟ್ಟುವುದು

40 ಬಾಟಲಿಗಳ ಆ ಬ್ಯಾಚಿಗೆ ಮಿಡಿ, ಉಪ್ಪು, ಮೆಣಸು, ಸಾಸಿವೆ ಸೇರಿ ನಮಗೆ 2,150 ರೂಪಾಯಿ ಬಿತ್ತು, ಅಂದರೆ ಬಾಟಲಿಗೆ 54. ಖಾಲಿ ಬಾಟಲಿ, ಸೀಲ್, ಲೇಬಲ್ 17. ಆರು ಆಳಿನ ದಿನಗೂಲಿ 400ರಂತೆ 2,400, ಅಂದರೆ ಬಾಟಲಿಗೆ 60. ಗ್ಯಾಸ್, ಕರೆಂಟು, ಬಾಡಿಗೆ 6. ಹಾಳಾಗುವುದಕ್ಕೆಂದು 7 ಸೇರಿಸಿದರೆ ಒಂದು ಬಾಟಲಿಯ ಅಸಲು 144 ರೂಪಾಯಿ. ಮನೆಯ ಕೆಲಸವೆಂದು ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ಬೆಲೆ ಕಟ್ಟುವ ಸಂಘಗಳು ಬಹಳ ಇವೆ. ಆ ಬೆಲೆಗೆ ಆರ್ಡರು ಹೆಚ್ಚಿದಷ್ಟೂ ಸದಸ್ಯೆಯರಿಗೆ ದಣಿವು ಹೆಚ್ಚುತ್ತದೆಯೇ ಹೊರತು ಹಣವಲ್ಲ, ಮತ್ತು ಆರು ತಿಂಗಳಲ್ಲಿ ಕೆಲಸಕ್ಕೆ ಬರುವವರು ಕಡಿಮೆಯಾಗುತ್ತಾರೆ.

ಈಗ ಒಂದೇ ಬಾಟಲಿಯನ್ನು ಕಳುಹಿಸುವ ಲೆಕ್ಕ ನೋಡೋಣ. ಪೆಟ್ಟಿಗೆಗೆ 15, ಅರ್ಧ ಕಿಲೊವರೆಗಿನ ಸಾಗಣೆಗೆ 60, ತಾಣದ ಕಮಿಷನ್ ಶೇ 5 ಎಂದು ಹಿಡಿದರೆ 12. ಒಟ್ಟು ಖರ್ಚು 231, ಬೆಲೆ 240, ಉಳಿಯುವುದು 9 ರೂಪಾಯಿ. ಒಂದು ಬಾಟಲಿ ದಾರಿಯಲ್ಲಿ ಸೋರಿ ಹಣ ಹಿಂದಿರುಗಿಸಬೇಕಾಗಿ ಬಂದರೆ ಆ ನಷ್ಟವನ್ನು ತುಂಬಲು ಇನ್ನೂ 26 ಬಾಟಲಿ ಮಾರಬೇಕು.

ಆದ್ದರಿಂದ ನಾವು ಎರಡು ಬಾಟಲಿ ಮಿಡಿ ಮತ್ತು 100 ಗ್ರಾಂ ಸಾರಿನ ಪುಡಿಯನ್ನು ಒಂದೇ ಪೆಟ್ಟಿಗೆಯ ಜೋಡಿಯಾಗಿ ಪಟ್ಟಿ ಮಾಡಿದೆವು. ಎರಡು ಬಾಟಲಿಗೆ 288, ಪುಡಿಯ ಅಸಲು 70, ಪೆಟ್ಟಿಗೆ 25, ಒಂದು ಕಿಲೊವರೆಗಿನ ಸಾಗಣೆ 90, ಕಮಿಷನ್ 30, ಒಟ್ಟು 503. ಬಾಟಲಿಗಳ ಅಚ್ಚು ಬೆಲೆ 240ರಂತೆ 480, ಪುಡಿಯದು 120, ಸೇರಿ 600. ಜೋಡಿಯ ಬೆಲೆಯನ್ನು 590 ಎಂದಿಟ್ಟರೆ 87 ರೂಪಾಯಿ ಉಳಿಯುತ್ತದೆ. ಒಂದು ಪಾರ್ಸೆಲ್ ಹಾಳಾದರೂ ಆರು ಪಾರ್ಸೆಲಿನಲ್ಲಿ ಸರಿದೂಗುತ್ತದೆ. ಸಾಗಣೆ ಮತ್ತು ಕಮಿಷನ್ ದರ ತಾಣದಿಂದ ತಾಣಕ್ಕೆ ಬೇರೆಯಾಗಿರುವುದರಿಂದ ನಿಮ್ಮ ತಾಣದ ದರಗಳನ್ನು ಹಾಕಿ ಇದೇ ಲೆಕ್ಕವನ್ನು ಮತ್ತೆ ಮಾಡಿ.

ಸಾಗಣೆದಾರರು ತೂಕವನ್ನು ಮಾತ್ರವಲ್ಲ, ಪೆಟ್ಟಿಗೆಯ ಗಾತ್ರವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿದಾಗ ಬರುವ ಕಿಲೊ, ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಹಣ ಕೊಡಬೇಕಾಗುತ್ತದೆ. 20, 15, 12 ಅಳತೆಯ ಪೆಟ್ಟಿಗೆಗೆ ಇದು 0.72 ಕಿಲೊ, ನಮ್ಮ ಪಾರ್ಸೆಲಿನ ನಿಜವಾದ ತೂಕ 0.79 ಕಿಲೊ. ಮನೆಯಲ್ಲಿ ಬಿದ್ದಿದ್ದ ದೊಡ್ಡ ಪೆಟ್ಟಿಗೆಯನ್ನು ಬಳಸಿದರೆ ಉಳಿತಾಯವಾಯಿತೆಂದು ಅನಿಸುತ್ತದೆ, ಆದರೆ ಬಿಲ್ಲು ಬಂದಾಗ ಅದರ ಎರಡರಷ್ಟು ಹೋಗಿರುತ್ತದೆ.

ಆರನೆಯ ಹೆಜ್ಜೆ: ಸೋರದಂತೆ ಕಟ್ಟುವುದು

ಮೊದಲ ಮಳೆಗಾಲದಲ್ಲಿ ಬೆಂಗಳೂರಿಗೆ ಕಳುಹಿಸಿದ 14 ಬಾಟಲಿಗಳಲ್ಲಿ 9 ಸೋರಿದ್ದವು. ಸಾಗಣೆಯವರು ಎಸೆದಿರಬೇಕೆಂದು ನಾವು ಮೊದಲು ಭಾವಿಸಿದೆವು. ಹಿಂತಿರುಗಿ ಬಂದ ಒಂದು ಬಾಟಲಿಯನ್ನು ಚಾವಡಿಯಲ್ಲಿಟ್ಟು ನೋಡಿದಾಗ ತಪ್ಪು ನಮ್ಮದೇ ಎಂದು ತಿಳಿಯಿತು. ಬಾಯಿಯವರೆಗೆ ತುಂಬಿಸಿದ್ದೆವು, ಅಂಚಿನಲ್ಲಿ ಮಸಾಲೆ ಮೆತ್ತಿಕೊಂಡಿದ್ದರಿಂದ ಸೀಲ್ ಅರ್ಧ ಸುತ್ತು ಮಾತ್ರ ಹಿಡಿದಿತ್ತು. ತಗಡಿನ ಮುಚ್ಚಳದ ಒಳಭಾಗ ಉಪ್ಪಿಗೂ ಹುಳಿಗೂ ತುಕ್ಕು ಹಿಡಿಯಲಾರಂಭಿಸಿತ್ತು.

ಈಗ ನಾವು ಅನುಸರಿಸುವ ಕ್ರಮ ಇದು. ಆಹಾರಕ್ಕೆ ಯೋಗ್ಯವಾದ ಪೆಟ್ ಬಾಟಲಿ ಮತ್ತು ಪ್ಲಾಸ್ಟಿಕ್ ಮುಚ್ಚಳ ಬಳಸುತ್ತೇವೆ. ಮೇಲೆ ಒಂದು ಬೆರಳಿನಷ್ಟು ಜಾಗ ಬಿಡುತ್ತೇವೆ. ಬಾಯಿಯ ಅಂಚನ್ನು ಒಣ ಬಟ್ಟೆಯಿಂದ ಒರೆಸಿದ ಮೇಲೆಯೇ ಇಂಡಕ್ಷನ್ ಸೀಲ್ ಹಾಕುತ್ತೇವೆ. ಆಮೇಲೆ ಎಲ್ಲ ಬಾಟಲಿಗಳನ್ನೂ ಹಳೆಯ ಪತ್ರಿಕೆಯ ಮೇಲೆ ತಲೆಕೆಳಗಾಗಿ ಒಂದು ರಾತ್ರಿ ನಿಲ್ಲಿಸುತ್ತೇವೆ. ಬೆಳಿಗ್ಗೆ ಪತ್ರಿಕೆಯ ಮೇಲೆ ಕೆಂಪು ಉಂಗುರ ಮೂಡಿದ್ದರೆ ಆ ಬಾಟಲಿ ಪಾರ್ಸೆಲಿಗೆ ಹೋಗುವುದಿಲ್ಲ. ದಾಟಿದ ಪ್ರತಿ ಬಾಟಲಿಯನ್ನೂ ಪ್ರತ್ಯೇಕ ಜಿಪ್ ಕವರಿನಲ್ಲಿ ಹಾಕಿ, ಬಬಲ್ ಶೀಟಿನಲ್ಲಿ ಸುತ್ತಿ, ಐದು ಪದರದ ರಟ್ಟಿನ ಪೆಟ್ಟಿಗೆಯಲ್ಲಿ ಅಲುಗಾಡದಂತೆ ಇಡುತ್ತೇವೆ. ಹೊಸ ಪೆಟ್ಟಿಗೆ ತಂದಾಗ ಒಂದನ್ನು ಕಟ್ಟಿ ಸೊಂಟದ ಎತ್ತರದಿಂದ ನಾಲ್ಕೈದು ಸಲ ಸಿಮೆಂಟ್ ನೆಲಕ್ಕೆ ಬೀಳಿಸಿ ನೋಡುತ್ತೇವೆ. ಮಳೆಗಾಲದಲ್ಲಿ ಖಾಲಿ ಪೆಟ್ಟಿಗೆಗಳನ್ನು ನೆಲದ ಮೇಲಿಡದೆ ಅಟ್ಟದ ಮೇಲಿಡಬೇಕು, ಪಸೆ ಹೀರಿದ ರಟ್ಟು ಮೆತ್ತಗಾಗಿ ಮೂಲೆ ಕುಸಿಯುತ್ತದೆ. ಪಾರ್ಸೆಲುಗಳನ್ನು ಸೋಮವಾರದಿಂದ ಬುಧವಾರದೊಳಗೆ ಕಳುಹಿಸಿದರೆ ಅವು ಭಾನುವಾರ ಗೋದಾಮಿನಲ್ಲಿ ಬಿದ್ದಿರುವುದು ತಪ್ಪುತ್ತದೆ.

ಏಳನೆಯ ಹೆಜ್ಜೆ: ಪುಟ ಬರೆಯುವುದು

ಇಷ್ಟಾದ ಮೇಲೆ ಪರದೆಯ ಕೆಲಸ. ಶೀರ್ಷಿಕೆಯಲ್ಲಿ ವಸ್ತು, ಅದರ ವೈಶಿಷ್ಟ್ಯ, ತೂಕ ಮತ್ತು ಸಂಖ್ಯೆ ಈ ಕ್ರಮದಲ್ಲಿ ಬರಲಿ: “ಮಾವಿನ ಮಿಡಿ ಉಪ್ಪಿನಕಾಯಿ, ಎಣ್ಣೆ ಇಲ್ಲದ್ದು, 250 ಗ್ರಾಂ, 2 ಬಾಟಲಿ, ಜೊತೆಗೆ ಉಡುಪಿ ಸಾರಿನ ಪುಡಿ 100 ಗ್ರಾಂ”. ಕನ್ನಡಿಗರೇ ಆದರೂ ಹೆಚ್ಚಿನವರು ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವುದರಿಂದ ಹುಡುಕು ಪದಗಳ ಜಾಗದಲ್ಲಿ `midi uppinakayi`, `tender mango pickle`, `saaru pudi`, `rasam powder` ಇವುಗಳನ್ನು ಸೇರಿಸಿ. ಅಪ್ಪೆಮಿಡಿ ಎಂಬ ಪದಕ್ಕೆ ಬೇಡಿಕೆ ಹೆಚ್ಚು. ಆದರೆ ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ನಮ್ಮ ತೋಟದ ಕಾಟು ಮಾವಿನ ಮಿಡಿಗೆ ಆ ಹೆಸರಿಡುವುದು ಸುಳ್ಳಾಗುತ್ತದೆ, ಪರಿಮಳ ಬಲ್ಲವರಿಗೆ ಮೊದಲ ತುತ್ತಿನಲ್ಲೇ ಗೊತ್ತೂ ಆಗುತ್ತದೆ.

ನಾಲ್ಕು ಫೋಟೊ ಸಾಕು. ಬಿಳಿ ಹಿನ್ನೆಲೆಯಲ್ಲಿ ಇಡೀ ಜೋಡಿಯದೊಂದು, ತಟ್ಟೆಯಲ್ಲಿ ಬಡಿಸಿದ ಮಿಡಿಯದೊಂದು, ಅಕ್ಷರ ಓದಲು ಬರುವಂತೆ ಹಿಂದಿನ ಲೇಬಲ್ಲಿನದೊಂದು, ಗಾತ್ರ ತಿಳಿಯುವಂತೆ ಅಂಗೈಯಲ್ಲಿ ಹಿಡಿದ ಬಾಟಲಿಯದೊಂದು. ಬೆಳಗಿನ ಒಂಬತ್ತರ ಹೊತ್ತಿಗೆ ಚಾವಡಿಯ ಬೆಳಕಿನಲ್ಲಿ ತೆಗೆದರೆ ಮೆಣಸಿನ ಕೆಂಪು ಇದ್ದಂತೆಯೇ ಬರುತ್ತದೆ. ಬಣ್ಣವನ್ನು ಮೊಬೈಲಿನಲ್ಲಿ ಗಾಢಗೊಳಿಸಬೇಡಿ. ಬ್ಯಾಡಗಿಯ ಬಣ್ಣವೇ ಸಾಕಷ್ಟು ಚೆನ್ನಾಗಿದೆ, ಮತ್ತು ಹೆಚ್ಚಿಸಿದ ಬಣ್ಣಕ್ಕೂ ಬಂದ ವಸ್ತುವಿಗೂ ಹೊಂದಿಕೆಯಾಗದಿದ್ದರೆ ದೂರು ಖಚಿತ.

ವಿವರಣೆಯಲ್ಲಿ ಲೇಬಲ್ಲಿನಲ್ಲಿ ಇಲ್ಲದ ಯಾವ ಹೆಗ್ಗಳಿಕೆಯೂ ಇರಬಾರದು. ಜೀರ್ಣಶಕ್ತಿ ಹೆಚ್ಚಿಸುತ್ತದೆ, ಶೀತ ಗುಣಪಡಿಸುತ್ತದೆ ಎಂಬ ಮಾತುಗಳು ನಮ್ಮ ಅಜ್ಜಿಯಂದಿರ ಅನುಭವವಾಗಿರಬಹುದು, ಆದರೆ ಮಾರಾಟದ ಪುಟದಲ್ಲಿ ರೋಗ ಗುಣಪಡಿಸುವ ಮಾತು ಕಾನೂನುಬಾಹಿರ. ಅದರ ಬದಲು ಗಿರಾಕಿಗೆ ನಿಜವಾಗಿ ಬೇಕಾದದ್ದನ್ನು ಬರೆಯಿರಿ: ಪ್ರತಿ ಬಾಟಲಿಯಲ್ಲಿ ಮಿಡಿ 175 ಗ್ರಾಂ ಇದೆ, ಉಪ್ಪು ಮತ್ತು ಖಾರ ಜೋರಾಗಿದೆ, ತೆರೆದ ಮೇಲೆ ಒಣ ಚಮಚವನ್ನೇ ಬಳಸಿ, ಸಾರಿನ ಪುಡಿಯಲ್ಲಿ ಗೋಧಿ ಇದೆ.

ಎಂಟನೆಯ ಹೆಜ್ಜೆ: ದಾಸ್ತಾನು ಮತ್ತು ಬ್ಯಾಚ್ ಪುಸ್ತಕ

ಆನ್‌ಲೈನ್‌ನಲ್ಲಿ ಮಾರುವ ಆಹಾರ ಗಿರಾಕಿಯ ಕೈ ಸೇರುವಾಗ ಅವಧಿಯ ಶೇ 30 ಭಾಗ ಅಥವಾ ಅವಧಿ ಮುಗಿಯಲು 45 ದಿನ ಉಳಿದಿರಬೇಕೆಂದು ಪ್ರಾಧಿಕಾರ ಮಾರಾಟ ತಾಣಗಳಿಗೆ ಸೂಚಿಸಿದೆ. 120 ದಿನಗಳ ಅವಧಿಯ ಪುಡಿಯಲ್ಲಿ 45 ದಿನ ಬಿಟ್ಟು, ಸಾಗಣೆಗೆ ಒಂದು ವಾರ ಕಳೆದರೆ ಮಾರಲು ಸಿಗುವುದು 68 ದಿನ. ಆದ್ದರಿಂದ ಎರಡು ತಿಂಗಳಲ್ಲಿ ಮಾರಾಟವಾಗುವಷ್ಟೇ ಪುಡಿ ಮಾಡಬೇಕು. ದಿನಕ್ಕೆ ಒಂದು ಆರ್ಡರು ಬರುತ್ತಿದ್ದರೆ 60 ಪೊಟ್ಟಣ, ಅಂದರೆ 6 ಕಿಲೊ.

ಬ್ಯಾಚ್ ಪುಸ್ತಕದಲ್ಲಿ ಬ್ಯಾಚ್ ಸಂಖ್ಯೆ, ಮಿಡಿ ಎಲ್ಲಿಂದ ಬಂತು, ಮಿಡಿಯ ಮತ್ತು ಉಪ್ಪಿನ ತೂಕ, ಉಪ್ಪು ಹಾಕಿದ ದಿನ, ತುಂಬಿದ ದಿನ, ತುಂಬಿದವರು, ಬಾಟಲಿಗಳ ಸಂಖ್ಯೆ, ಯಾವ ಆರ್ಡರಿಗೆ ಹೋಯಿತು ಎಂಬುದನ್ನು ಬರೆಯಬೇಕು. ಒಂದು ದೂರು ಬಂದಾಗ ಬಾಟಲಿಯ ಮೇಲಿನ ಸಂಖ್ಯೆಯನ್ನು ಕೇಳಿ, ಅದೇ ಬ್ಯಾಚಿನ ಕಪಾಟಿನ ಮಾದರಿಯನ್ನು ತೆರೆದು ನೋಡಿ. ಮಾದರಿಯೂ ಕೆಟ್ಟಿದ್ದರೆ ಆ ಬ್ಯಾಚಿನ ಮಾರಾಟವನ್ನು ಅಂದೇ ನಿಲ್ಲಿಸಿ, ಕಳುಹಿಸಿದವರೆಲ್ಲರಿಗೂ ಫೋನ್ ಮಾಡಬೇಕು. ಮಾದರಿ ಚೆನ್ನಾಗಿದ್ದರೆ ತೊಂದರೆ ಆ ಒಂದು ಬಾಟಲಿಯ ಸೀಲಿನದು ಅಥವಾ ದಾರಿಯದು.

ಮಿಡಿ ಸಿಗುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮಾತ್ರ. ಪುಟದಲ್ಲಿ ತೋರಿಸುವ ಸಂಖ್ಯೆ ಕೋಣೆಯಲ್ಲಿರುವ ಬಾಟಲಿಗಳ ಸಂಖ್ಯೆಗಿಂತ ಎಂದೂ ಹೆಚ್ಚಿರಬಾರದು, ಸಂತೆಗೆಂದು ತೆಗೆದಿಟ್ಟದ್ದನ್ನು ಅದೇ ದಿನ ಕಳೆಯಬೇಕು. ದಾಸ್ತಾನು ಮುಗಿದಾಗ ಮಾವಿನ ಹೋಳಿನ ಉಪ್ಪಿನಕಾಯಿಯನ್ನು ಅದೇ ಪುಟದಲ್ಲಿ ಕಳುಹಿಸುವ ಆಸೆಗೆ ಬೀಳದೆ, ಸಂಖ್ಯೆಯನ್ನು 0 ಎಂದು ಮಾಡಿ. ಪುಟವನ್ನು ಅಳಿಸಬೇಡಿ. ಅಳಿಸಿದರೆ ಗಿರಾಕಿಗಳು ಬರೆದ ವಿಮರ್ಶೆಗಳೂ ಹೋಗುತ್ತವೆ, 0 ಎಂದು ಬಿಟ್ಟರೆ ಮುಂದಿನ ಮಿಡಿ ಉಪ್ಪಿಗೆ ಬಿದ್ದು ಬಾಟಲಿಗೆ ಬರುವವರೆಗೂ ಅವು ಅಲ್ಲೇ ಇರುತ್ತವೆ.